🥺 🙃 😅: ಈ ಮೂರು ಮುಖಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟೊಂದು ಎಮೋಜಿ ಇರುವಾಗ ಈ ಮೂರೇ ಯಾಕೆ?

ಮಿಕ್ಕವು ಅಷ್ಟಾಗಿ ತಲೆ ತಿನ್ನಲ್ಲ. 👍 ಅಂದರೆ ಆಯ್ತು, 😡 ಅಂದರೆ ಸಿಟ್ಟು. ಈ ಮೂರು ಹಾಗಲ್ಲ. ಇವುಗಳಲ್ಲಿ ಮುಖದ ಮೇಲೆ ಒಂದಿರುತ್ತೆ, ಮನಸ್ಸಲ್ಲಿ ಇನ್ನೊಂದಿರುತ್ತೆ. 😅 ನಗುತ್ತೆ, ಆದರೆ ಮುಜುಗರದಿಂದ. 🙃 ಮುಗುಳ್ನಗುತ್ತೆ, ಆದರೆ ಬಹಳ ಸಲ ಒಳಗೊಳಗೇ ಕುದೀತಾ. 🥺 ಕಣ್ಣು ತುಂಬಿಕೊಂಡಿರುತ್ತೆ, ಆದರೆ ಅಳೋಕೆ ಅಲ್ಲ, ಏನೋ ಕೇಳೋಕೆ. ಕಳಿಸಿದವರು ಮನಸ್ಸಲ್ಲಿರೋದನ್ನು ನಂಬಿ ಕಳಿಸುತ್ತಾರೆ, ಓದುವವರು ಮುಖ ನೋಡಿ ಓದುತ್ತಾರೆ. ಎಡವಟ್ಟು ಆಗೋದು ಅಲ್ಲೇ.

🥺 ಅಳುವ ಮುಖಾನಾ, ಬೇಡುವ ಮುಖಾನಾ?

ಹೆಸರಿನ ಪ್ರಕಾರ ಬೇಡುವ ಮುಖ. ಎಲ್ಲ ಫೋನುಗಳೂ ಪಾಲಿಸುವ ಅಕ್ಷರ, ಎಮೋಜಿಗಳ ಪಟ್ಟಿ ಯೂನಿಕೋಡ್; ಅದರಲ್ಲಿ ಇದರ ಹೆಸರು ‘ಪ್ಲೀಡಿಂಗ್ ಫೇಸ್’. 2018ರ ಯೂನಿಕೋಡ್ 11ರಲ್ಲಿ ಬಂತು, ಅಂದರೆ ಈ ಮೂರರಲ್ಲಿ ಇದೇ ಕಿರಿಯದು. ಹತ್ತಿರದಿಂದ ನೋಡಿ: ಹುಬ್ಬಿನ ಒಳತುದಿ ಮೇಲೆ ಹೋಗಿದೆ, ಕಣ್ಣು ಅಗಲವಾಗಿ ಹೊಳೀತಿದೆ, ಬಾಯಿ ಚಿಕ್ಕದಾಗಿ ಕೆಳಕ್ಕೆ ಬಾಗಿದೆ. ಕಣ್ಣೀರು ಒಂದು ಹನಿಯೂ ಕೆಳಗೆ ಬಿದ್ದಿಲ್ಲ.

ಬಳಕೆಯಲ್ಲಿ ಇದಕ್ಕೆ ಎರಡು ಮುಖ್ಯ ಭಾವ ಇವೆ. ಒಂದು ‘ಪ್ಲೀಸ್, ಇಲ್ಲ ಅನ್ನಬೇಡಿ’. ಇನ್ನೊಂದು ‘ಅಯ್ಯೋ, ಮನಸ್ಸು ಕರಗಿಹೋಯ್ತು’. ತಂಗಿ ತನ್ನ ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದ ಫೋಟೋ ಹಾಕುತ್ತಾಳೆ, ಕೆಳಗೆ ಅಣ್ಣ 🥺 ಅಂತ ಹಾಕುತ್ತಾನೆ. ಅಲ್ಲಿ ಬೇಡಿಕೆ ಏನೂ ಇಲ್ಲ.

ಯಾವುದು ಅಂತ ಗೊತ್ತಾಗಬೇಕಾದರೆ ಹೀಗೆ ಕೇಳಿಕೊಳ್ಳಿ: ಈ ಮೆಸೇಜ್ ಓದಿದ ಮೇಲೆ ನಾನು ಏನಾದರೂ ಮಾಡಬೇಕಾ? ಮಾಡಬೇಕು ಅಂದರೆ ಅದು ಬೇಡಿಕೆ. ಏನೂ ಮಾಡಬೇಕಿಲ್ಲ ಅಂದರೆ ಕರಗಿದ್ದು. ‘ಊರಿಗೆ ಯಾವಾಗ ಬರ್ತೀಯಾ 🥺’ ಅಂತ ಅಜ್ಜಿಯ ಫೋನಿಂದ ಮೊಮ್ಮಗಳು ಟೈಪ್ ಮಾಡಿದ್ದರೆ ಎರಡೂ ಇರಬಹುದು ಅನ್ನಿ.

ಹುಷಾರಿಲ್ಲ, ತೀರಿಕೊಂಡರು ಅನ್ನೋ ಸುದ್ದಿಗೆ 🥺 ಹಾಕಬಹುದಾ?

ಹಾಕದೇ ಇರೋದು ಒಳ್ಳೇದು. ಹದಿನೆಂಟು ಇಪ್ಪತ್ತರ ವಯಸ್ಸಿನವರಿಗೆ ಇದು ‘ತುಂಬಾ ಬೇಜಾರಾಯ್ತು’ ಅನ್ನೋದೇ ಆಗಿರುತ್ತೆ, ಅದರಲ್ಲಿ ಕಪಟ ಇಲ್ಲ. ಆದರೆ ಈ ಮುಖದಲ್ಲಿ ಒಂದು ಮುದ್ದುತನ ಇದೆ. ನಾಯಿಮರಿ ಫೋಟೋಗೂ ಅದೇ, ದೊಡ್ಡಪ್ಪನ ಆಪರೇಷನ್ ಸುದ್ದಿಗೂ ಅದೇ ಅಂದರೆ ದೊಡ್ಡವರಿಗೆ ಇರಿಸುಮುರಿಸಾಗುತ್ತೆ. ಫ್ಯಾಮಿಲಿ ಗ್ರೂಪಲ್ಲಿ ಸಾವಿನ ಸುದ್ದಿಗೆ ‘ಓಂ ಶಾಂತಿ 🙏’ ಅನ್ನೋದು ಸವಕಲು ಅನ್ನಿಸಬಹುದು, ಆದರೆ ಅದನ್ನು ಯಾರೂ ತಪ್ಪಾಗಿ ಓದಲ್ಲ. ಹುಷಾರಿಲ್ಲ ಅಂದರೆ ‘ಈಗ ಹೇಗಿದಾರೆ ಅತ್ತೆ? ಯಾವ ಆಸ್ಪತ್ರೆ?’ ಅಂತ ಎರಡು ಮಾತು ಸಾಕು.

🥹 ಕೂಡ ಇದೇ ಅಲ್ವಾ?

ಅಲ್ಲ. 🥹ದು ತಡೆದುಕೊಂಡ ಕಣ್ಣೀರು, ಬಾಯಲ್ಲಿ ನಗು ಇದೆ. 2021ರಲ್ಲಿ ಬಂದದ್ದು. ಹೆಮ್ಮೆಗೆ, ಕೃತಜ್ಞತೆಗೆ ಅದೇ ಸರಿ. ಅದು ಬರುವ ಮೊದಲು ಆ ಕೆಲಸವನ್ನೂ 🥺 ಮಾಡುತ್ತಿತ್ತು, ಹಾಗಾಗಿ ಹಳೇ ಅಭ್ಯಾಸ ಇರುವವರು ಈಗಲೂ 🥺 ಒತ್ತುತ್ತಾರೆ. ತುಂಬಾ ಹಳೇ ಫೋನಲ್ಲಿ ಎರಡೂ ಬರೀ ಚೌಕವಾಗಿ ಕಾಣಬಹುದು. ಆಂಡ್ರಾಯ್ಡ್ 9 ಮತ್ತು ಐಒಎಸ್ 12.1ರಿಂದ ಮಾತ್ರ 🥺 ಫೋನಿನ ಒಳಗೇ ಇದೆ.

ಪಕ್ಕದಲ್ಲಿ 👉👈 ಇದ್ದರೆ?

ನಾಚಿಕೆಯ ನಟನೆ. ಎರಡು ತೋರುಬೆರಳು ತಾಗಿಸಿಕೊಂಡು ‘ಒಂದು ಕೇಳ್ಲಾ?’ ಅನ್ನೋ ಹಾಗೆ. ಗೆಳೆಯರ ನಡುವೆ ತಮಾಷೆ, ಕೆಲವು ಕಡೆ ಫ್ಲರ್ಟ್. ಆಫೀಸಲ್ಲಿ ರಜೆ ಕೇಳುವಾಗ ದಯವಿಟ್ಟು ಬೇಡ.

‘ಅರ್ಜೆಂಟಾಗಿ ದುಡ್ಡು ಬೇಕು 🥺’ ಅಂತ ಗೊತ್ತಿರೋರ ನಂಬರಿಂದಲೇ ಬಂತು. ನಂಬಬಹುದಾ?

ಮೊದಲು ಫೋನ್ ಮಾಡಿ. ಅಕೌಂಟ್ ಕದ್ದವರು ಪರಿಚಯದವರ ಹೆಸರಲ್ಲಿ ಹೀಗೆ ಕೇಳೋದು ಹಳೇ ಮೋಸ. 🥺 ಅವರಿಗೆ ಅನುಕೂಲ, ಯಾಕಂದರೆ ಅದು ಯೋಚನೆ ಮಾಡುವ ಮೊದಲೇ ಪಾಪ ಅನ್ನಿಸಿಬಿಡುತ್ತೆ. ಯಾವತ್ತೂ ಎಮೋಜಿ ಹಾಕದ ಚಿಕ್ಕಪ್ಪ ಇವತ್ತು 🥺 ಹಾಕಿದ್ದಾರೆ ಅಂದರೆ ಅದೇ ಒಂದು ಸುಳಿವು. ಫೋನ್ ಎತ್ತದಿದ್ದರೆ ಮನೆಯ ಇನ್ನೊಬ್ಬರಿಗೆ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.

🙃 ತಮಾಷೆನಾ, ಸಿಟ್ಟಾ?

2015ರಲ್ಲಿ ಬಂದಾಗ ಹೆಚ್ಚಾಗಿ ಸುಮ್ನೆ ತರಲೆಗೆ ಇತ್ತು. ಆಮೇಲೆ ನಿಧಾನಕ್ಕೆ ವ್ಯಂಗ್ಯದ ಕಡೆ ವಾಲಿತು. ಈಗ ಮೂರೂ ಬಳಕೆಯಲ್ಲಿವೆ: ತರಲೆ, ‘ಏನು ಮಾಡೋದು, ಹಣೆಬರಹ’, ಮತ್ತು ನಗುನಗುತ್ತಲೇ ಚುಚ್ಚೋದು. ಮೂರನೆಯದೇ ಸಂಬಂಧ ಕೆಡಿಸೋದು.

ಬೇರೆ ಮಾಡೋದು ಹೇಗೆ? 🙃 ಯಾರ ಕಡೆ ತಿರುಗಿದೆ ಅಂತ ನೋಡಿ. ‘ಸಿಲ್ಕ್ ಬೋರ್ಡ್ ಹತ್ರ ಮುಕ್ಕಾಲು ಗಂಟೆಯಿಂದ ನಿಂತಿದೀನಿ 🙃’ ಅಂದರೆ ಅದು ಟ್ರಾಫಿಕ್ ಕಡೆ. ನೀವು ‘ಅಯ್ಯೋ’ ಅಂದರೆ ಮುಗೀತು. ‘ನೀವು ಐದು ನಿಮಿಷ ಅಂದಿದ್ರಿ 🙃’ ಅಂದರೆ ನಿಮ್ಮ ಕಡೆ. ಇಲ್ಲಿ ‘ಅಯ್ಯೋ’ ಸಾಲಲ್ಲ, ಸಾರಿ ಬೇಕು.

ಕನ್ನಡದಲ್ಲಿ ಒಂದು ತೊಡಕಿದೆ. ಮಾತಲ್ಲಿ ನಾವು ನಾನು, ನೀನು ಅನ್ನೋದನ್ನು ಬಿಟ್ಟೇಬಿಡುತ್ತೇವೆ. ‘ಮತ್ತೆ ಮರೆತ್ರಿ 🙃’ ಅಂದರೆ ಕ್ರಿಯಾಪದದ ಕೊನೆಯಲ್ಲೇ ನೀವು ಇದ್ದೀರಿ, ಅನುಮಾನ ಇಲ್ಲ. ‘ಮತ್ತೆ ಮರೆತುಹೋಯ್ತು 🙃’ ಅಂದರೆ ಸಾಮಾನ್ಯವಾಗಿ ಬರೆದವರೇ ಮರೆತದ್ದು. ಆದರೆ ‘ಮತ್ತೆ ಮರೆತಿದ್ದು 🙃’ ಅಥವಾ ‘ಮತ್ತೆ ಲೇಟು 🙃’ ಅಂದರೆ? ಯಾರು ಮರೆತದ್ದು, ಯಾರು ಲೇಟು? ಎದುರಿಗೆ ಇದ್ದಿದ್ದರೆ ದನಿಯಲ್ಲೇ ಗೊತ್ತಾಗುತ್ತಿತ್ತು. ಬರವಣಿಗೆಯಲ್ಲಿ ದನಿ ಇಲ್ಲ, ಮುಖ ಬೇರೆ ತಲೆಕೆಳಗಾಗಿದೆ. ಓದುವವರಿಗೆ ಆ ಹೊತ್ತಲ್ಲಿ ತಪ್ಪಿತಸ್ಥ ಭಾವ ಇದ್ದರೆ ಅದು ತಮಗೇ ಹೇಳಿದ್ದು ಅನ್ನಿಸುತ್ತೆ. ಹೀಗಾಗಿ 🙃 ಹಾಕೋದಾದರೆ ‘ನಾನು’ ಅನ್ನೋದನ್ನು ಬಾಯಿಬಿಟ್ಟು ಬರೆದುಬಿಡಿ: ‘ನಾನೇ ಮತ್ತೆ ಲೇಟು 🙃’. ಒಂದು ಪದದಲ್ಲಿ ಜಗಳ ತಪ್ಪುತ್ತೆ.

‘ಪರವಾಗಿಲ್ಲ ಬಿಡಿ 🙃’ ಅಂತ ಬಂದರೆ ನಿಜವಾಗಿ ಪರವಾಗಿಲ್ವಾ?

ಇಲ್ಲ. ಪರವಾಗಿದೆ. ‘ಪರವಾಗಿಲ್ಲ’ ಅಷ್ಟೇ ಆಗಿದ್ದರೆ ನಂಬಬಹುದಿತ್ತು. ‘ಬಿಡಿ’ ಸೇರಿದಾಗಲೇ ಅರ್ಧ ಮುನಿಸು, 🙃 ಬಂದ ಮೇಲೆ ಉಳಿದರ್ಧ. ‘ಥ್ಯಾಂಕ್ಸ್ ಕಣೋ 🙃’, ‘ಹೇಳಿದ್ದೆ ಅಲ್ವಾ 🙃’, ‘ನಿಮ್ಮಿಷ್ಟ 🙃’ ಇವೂ ಅದೇ ಜಾತಿ. ಉತ್ತರಕ್ಕೆ ಇನ್ನೊಂದು 🙃 ಕಳಿಸಿದರೆ ಇಬ್ಬರೂ ನಗುತ್ತಾ ಹಲ್ಲು ಕಡಿಯುತ್ತಿರುತ್ತೀರಿ.

ಒಂದು ವಿನಾಯಿತಿ: ಬರೆಯುವವರು ಎಲ್ಲದಕ್ಕೂ 🙃 ಹಾಕುವವರೇ ಆಗಿದ್ದರೆ. ಗುಡ್ ಮಾರ್ನಿಂಗ್‌ಗೂ ಅದೇ ಹಾಕುವ ಸೋದರಮಾವ ಇದ್ದಾರೆ ಅಂದರೆ ಅವರಿಗೆ ಅದು ಬರೀ ನಗು. ಸ್ವಲ್ಪ ಮೇಲಕ್ಕೆ ಹೋಗಿ ಹಳೇ ಮೆಸೇಜ್ ನೋಡಿ, ಗೊತ್ತಾಗುತ್ತೆ.

ನನಗೆ 🙃 ಅಳುವ ಮುಖದ ಹಾಗೆ ಕಾಣುತ್ತೆ. ನನ್ನ ಕಣ್ಣಿನ ತೊಂದರೆನಾ?

ಅಲ್ಲ, ಗಾತ್ರದ ತೊಂದರೆ. ಇದು 🙂 ಮುಖವನ್ನೇ ಉಲ್ಟಾ ಮಾಡಿದ್ದು. ತಿರುಗಿಸಿದಾಗ ಬಾಯಿಯ ಕಮಾನು ಕೆಳಮುಖ ಆಗುತ್ತೆ, ಅಂದರೆ ಅದೊಂದನ್ನೇ ನೋಡಿದರೆ ಬೇಸರದ ಬಾಯಿಯ ಆಕಾರವೇ. ವ್ಯತ್ಯಾಸ ಏನಂದರೆ ಬಾಯಿ ಮೇಲಿದೆ, ಕಣ್ಣು ಕೆಳಗಿದೆ. ನೋಟಿಫಿಕೇಶನ್‌ನಲ್ಲಿ ಕಾಳಿನಷ್ಟು ಚಿಕ್ಕದಾಗಿ ಬಂದಾಗ ಕಮಾನು ಮಾತ್ರ ಕಣ್ಣಿಗೆ ಬೀಳುತ್ತೆ. ಹಾಗಾಗಿ ಕೆಲವರು ‘ಬೇಜಾರು’ ಅಂತಲೇ ಅಂದುಕೊಂಡು ಅದನ್ನು ಹಾಕುತ್ತಾರೆ. ‘ಅಜ್ಜನಿಗೆ ಜ್ವರ 🙃’ ಅಂತ ಬಂದರೆ ಮೊದಲು ಈ ಸಾಧ್ಯತೆ ಯೋಚಿಸಿ, ಆಮೇಲೆ ಬೈಯಿರಿ.

😅 ಮುಖದ ಮೇಲಿರೋದು ಕಣ್ಣೀರಾ, ಬೆವರಾ?

ಬೆವರು. ಅದೂ ಬಿಸಿಲಿನ ಬೆವರಲ್ಲ, ಭಯಕ್ಕೋ ಮುಜುಗರಕ್ಕೋ ಬರುವ ತಣ್ಣನೆ ಬೆವರು. ಎಮೋಜಿ ಹುಟ್ಟಿದ್ದು ಜಪಾನಿನ ಮೊಬೈಲ್ ಫೋನುಗಳಲ್ಲಿ. ಅಲ್ಲಿನ ಮಾಂಗಾ ಚಿತ್ರಕಥೆಗಳಲ್ಲಿ ಪಾತ್ರ ಪೇಚಿಗೆ ಸಿಕ್ಕಿದಾಗ ಹಣೆ ಪಕ್ಕ ಒಂದು ದೊಡ್ಡ ಹನಿ ಬರೆಯುವ ಪದ್ಧತಿ ಇದೆ. ಜಪಾನಿನ ಓದುಗರಿಗೆ ಆ ಹನಿ ಕಂಡ ಕೂಡಲೇ ‘ಅಯ್ಯೋ, ಸಿಕ್ಕಿಹಾಕಿಕೊಂಡ’ ಅಂತ ತಿಳಿಯುತ್ತೆ. ಅದೇ ಹನಿ ಯೂನಿಕೋಡ್‌ಗೆ 2010ರಲ್ಲಿ ಈ ಮುಖದ ಜೊತೆ ಬಂತು.

ನಮ್ಮಲ್ಲಿ ಆ ಪದ್ಧತಿ ಗೊತ್ತಿಲ್ಲದವರು ಎರಡು ರೀತಿ ಓದುತ್ತಾರೆ. ಕೆಲವರಿಗೆ ಅದು ನಕ್ಕು ನಕ್ಕು ಬಂದ ಕಣ್ಣೀರು, ಅಂದರೆ 😂ನ ತಮ್ಮ. ಇನ್ನು ಕೆಲವರಿಗೆ ಬರೀ ಸೆಕೆ. ಏಪ್ರಿಲಲ್ಲಿ ಮಂಗಳೂರಿಂದ ‘ಏನು ಸೆಕೆ ಮಾರಾಯ್ರೆ 😅’ ಅಂತ ಬಂದರೆ ಅದನ್ನು ತಪ್ಪು ಅನ್ನಕ್ಕಾಗಲ್ಲ. ಕಷ್ಟ ಆಗೋದು ಮೊದಲಿನವರ ಜೊತೆ. ನೀವು ನಾಚಿಕೊಂಡು ಕಳಿಸಿದ್ದನ್ನು ಅವರು ಗಹಗಹಿಸಿದ್ದು ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆ ಕೊಡ್ತೀರಾ?

ಇದು ನಾವು ಬರೆದುಕೊಂಡ ಮಾತುಕತೆ, ಆದರೆ ಹೀಗೆ ನಡೆಯೋದು ಬಹಳ ಕಡೆ ನೋಡಿದ್ದೇವೆ. ಆಫೀಸು. ಹುಡುಗಿಗೆ ಇಪ್ಪತ್ನಾಲ್ಕು, ಮ್ಯಾನೇಜರ್‌ಗೆ ಐವತ್ತು ದಾಟಿದೆ. ಸಂಜೆ ಐದಕ್ಕೆ ಕೊಡಬೇಕಿದ್ದ ರಿಪೋರ್ಟ್ ಆಗಿಲ್ಲ.

> ಸರ್, ರಿಪೋರ್ಟ್ ಸ್ವಲ್ಪ ಲೇಟ್ ಆಗುತ್ತೆ 😅
>
> ಇದರಲ್ಲಿ ನಗೋದೇನಿದೆ?
>
> ಅಯ್ಯೋ ಇಲ್ಲ ಸರ್, ಸಾರಿ 🥺
>
> ಎಷ್ಟು ಹೊತ್ತಿಗೆ ಆಗುತ್ತೆ ಹೇಳಿ.
>
> ಡೇಟಾನೇ ಬಂದಿಲ್ಲ ಸರ್ 🙃

ಮೊದಲ ಸಾಲಲ್ಲಿ ಅವಳ ಮನಸ್ಸಲ್ಲಿದ್ದದ್ದು ‘ನಾಚಿಕೆ ಆಗ್ತಿದೆ, ಬೈಬೇಡಿ’. ಅವರಿಗೆ ಕಂಡದ್ದು ತೆರೆದ ಬಾಯಿ, ಸಾಲು ಹಲ್ಲು. ಸಣ್ಣ ಸ್ಕ್ರೀನಲ್ಲಿ ಹನಿ ಕಂಡೇ ಇಲ್ಲ. ಜೊತೆಗೆ ‘ಸ್ವಲ್ಪ’ ಅಂದರೆ ಎಷ್ಟು ಅನ್ನೋದೂ ಇಲ್ಲ. ಮಾಹಿತಿ ಇರಬೇಕಾದ ಜಾಗದಲ್ಲಿ ನಗು ಕೂತಿದೆ, ಅದಕ್ಕೇ ಜಾಸ್ತಿ ಸಿಟ್ಟು.

ಮೂರನೇ ಸಾಲಿನ ‘ಸಾರಿ’ ಸರಿಯಾಗಿಯೇ ಇತ್ತು. 🥺 ಸೇರಿದ್ದರಿಂದ ಅದು ಕ್ಷಮೆ ಆಗದೆ ‘ಪಾಪ ಅನ್ನಿ’ ಅಂತ ಕೇಳಿದ ಹಾಗಾಯ್ತು. ಆ ಮುಖದ ಎದುರು ಇನ್ನು ಗದರಿದರೆ ತಾವೇ ಕಟುಕರಾಗುತ್ತೇವೆ ಅಂತ ಮ್ಯಾನೇಜರ್‌ಗೆ ಅನ್ನಿಸುತ್ತೆ, ಅದು ಅವರಿಗೆ ಇಷ್ಟ ಆಗಲ್ಲ. ನಾಲ್ಕನೇ ಸಾಲಿನ ಕೊನೆಯ ಚುಕ್ಕಿ ನೋಡಿ, ಮಾತು ಬಿಗಿಯಾಗಿದೆ.

ಕೊನೆಯ 🙃 ಅವಳ ಪ್ರಕಾರ ಡೇಟಾ ಕಳಿಸದ ಇನ್ನೊಂದು ಟೀಮಿನ ಕಡೆ. ಆದರೆ ಆ ಟೀಮಿನ ಹೆಸರು ಸಾಲಲ್ಲಿ ಎಲ್ಲೂ ಇಲ್ಲ. ಓದುತ್ತಿರುವವರು ಒಬ್ಬರೇ, ಹಾಗಾಗಿ ಅದು ಅವರ ಕಡೆಗೇ ತಿರುಗಿತು.

ಇಷ್ಟಕ್ಕೂ ಹೇಳಬೇಕಿದ್ದದ್ದು ಹೀಗೆ: ‘ಸರ್, ಮಾರ್ಚ್ ಡೇಟಾ ಫೈನಾನ್ಸ್‌ನಿಂದ ಇನ್ನೂ ಬಂದಿಲ್ಲ. ಆರಕ್ಕೆ ಕೊಡ್ತೀವಿ ಅಂದಿದ್ದಾರೆ. ಬಂದ ಮೇಲೆ ಒಂದು ಗಂಟೆ ಬೇಕು, ಏಳಕ್ಕೆ ಕಳಿಸ್ತೀನಿ. ಸಾರಿ.’ ಇಲ್ಲಿ ಎಮೋಜಿ ಇಲ್ಲ, ಬೇಕಾಗಿಯೂ ಇಲ್ಲ. ಏಳಕ್ಕೆ ಕಳಿಸಿ ಅವರು ‘ಓಕೆ’ ಅಂದ ಮೇಲೆ ‘ಅಂತೂ ಮುಗೀತು ಸರ್ 😅’ ಅಂದರೆ ಅದೇ ಮುಖ ಹಿತವಾಗಿರುತ್ತೆ. 😅 ಗಂಡಾಂತರ ಕಳೆದ ಮೇಲೆ ಚೆನ್ನ. ಗಂಡಾಂತರ ನಡೀತಿರುವಾಗ ಅಲ್ಲ.

ಕೊಟ್ಟ ದುಡ್ಡು ವಾಪಸ್ ಕೇಳುವಾಗ 😅 ಹಾಕೋದು ಸರಿನಾ?

ಎಲ್ಲರೂ ಹಾಕುತ್ತಾರೆ. ‘ಆ 2000 ರೂಪಾಯಿ ನೆನಪಿದ್ಯಾ 😅’. ಕೇಳೋಕೆ ಸಂಕೋಚ, ಸಂಬಂಧ ಕೆಡಬಾರದು ಅನ್ನೋ ಆಸೆ. ಎದುರಿನವರು ಸೂಕ್ಷ್ಮದವರಾದರೆ ಅಷ್ಟೇ ಸಾಕು, ಅರ್ಧ ಗಂಟೆಯಲ್ಲಿ ದುಡ್ಡು ಬರುತ್ತೆ. ದಪ್ಪ ಚರ್ಮದವರಾದರೆ ಅವರೂ 😅 ಕಳಿಸಿ ಸುಮ್ಮನಾಗುತ್ತಾರೆ, ಯಾಕಂದರೆ ಅದು ತಮಾಷೆ ಅಂತ ತಳ್ಳಿಹಾಕೋಕೆ ನೀವೇ ದಾರಿ ಮಾಡಿಕೊಟ್ಟಿದ್ದೀರಿ. ಎರಡನೇ ಸಲ ಕೇಳುವಾಗ ಮುಖ ತೆಗೆದು ತಾರೀಕು ಹಾಕಿ: ‘5ನೇ ತಾರೀಕು ಬಾಡಿಗೆ ಕಟ್ಟಬೇಕು, ಅಷ್ಟರೊಳಗೆ ಹಾಕ್ತೀಯಾ?’

ಬೇರೆಯವರ ಕಷ್ಟಕ್ಕೆ 😅 ಉತ್ತರ ಕೊಡಬಹುದಾ?

ಬೇಡ. 😅 ತನ್ನ ಮುಜುಗರಕ್ಕೆ ಇರುವ ಮುಖ. ‘ಗಾಡಿ ಸ್ಕಿಡ್ ಆಗಿ ಬಿದ್ದೆ’ ಅಂದವರಿಗೆ ‘ಹೌದಾ 😅’ ಅಂದರೆ ಬಿದ್ದದ್ದು ನೋಡಿ ನಕ್ಕ ಹಾಗೇ. ಅವರೇ ಮೊದಲು 😅 ಹಾಕಿ ‘ಎಲ್ಲರ ಮುಂದೆ ಬಿದ್ದೆ’ ಅಂದಿದ್ದರೆ ಆಗ ನಿಮಗೂ ನಗೋಕೆ ಪರ್ಮಿಷನ್ ಇದೆ. ಅದಕ್ಕೂ ಮೊದಲು ‘ಪೆಟ್ಟಾಯ್ತಾ?’ ಅಂತ ಕೇಳಿಬಿಡಿ.

ದೊಡ್ಡವರು ಎಲ್ಲದಕ್ಕೂ 😅 ಹಾಕೋದು ಯಾಕೆ?

ಇದು ನಮ್ಮೂರಿನದಷ್ಟೇ ಅಲ್ಲ. ಜಪಾನಲ್ಲಿ ನಡುವಯಸ್ಸಿನ ಗಂಡಸರು ಸಾಲುಸಾಲಿಗೂ 😅💦 ತುಂಬಿ ಕಳಿಸುವ ಮೆಸೇಜಿಗೆ ಹುಡುಗಿಯರು ‘ಒಜಿಸಾನ್ ಕೋಬುನ್’ ಅಂತ ಹೆಸರೇ ಇಟ್ಟು ಆಡಿಕೊಳ್ಳುತ್ತಾರೆ. ಅಂಕಲ್‌ಗಳ ಬರವಣಿಗೆ ಅಂತ ಇಟ್ಟುಕೊಳ್ಳಿ. ಎಮೋಜಿ ಹುಟ್ಟಿದ ಊರಲ್ಲೇ ಆ ಗತಿ. ಬರೆಯುವವರ ಮನಸ್ಸಲ್ಲಿ ಇರೋದು ‘ನಾನು ಗತ್ತು ಮಾಡ್ತಿಲ್ಲಪ್ಪಾ’ ಅನ್ನೋದು. ಓದುವ ಹುಡುಗರಿಗೆ ಅದು ಅತಿಯಾದ ಸಲಿಗೆ ಅನ್ನಿಸುತ್ತೆ.

ಒಂದೇ ಸಾಲಿಗೆ ಮೂರನ್ನೂ ಹಾಕಿ ನೋಡಿದರೆ?

‘ನಾಳೆ ಬರಕ್ಕಾಗಲ್ಲ’ ಅನ್ನೋದನ್ನೇ ತಗೊಳ್ಳಿ. ‘ನಾಳೆ ಬರಕ್ಕಾಗಲ್ಲ 🥺’ ಅಂದರೆ ಬೇಜಾರು ಮಾಡ್ಕೋಬೇಡಿ, ನನಗೂ ಬರಬೇಕು ಅಂತಿತ್ತು. ‘ನಾಳೆ ಬರಕ್ಕಾಗಲ್ಲ 😅’ ಅಂದರೆ ಬರ್ತೀನಿ ಅಂದುಬಿಟ್ಟಿದ್ದೆ, ಈಗ ನುಣುಚಿಕೊಳ್ತಿದೀನಿ, ನನಗೇ ಒಂಥರಾ ಆಗ್ತಿದೆ. ‘ನಾಳೆ ಬರಕ್ಕಾಗಲ್ಲ 🙃’ ಅಂದರೆ ಯಾರೋ ಏನೋ ಅಡ್ಡ ಬಂದಿದ್ದಾರೆ, ಕೇಳಿದರೆ ಹೇಳ್ತೀನಿ. ಎಮೋಜಿ ಇಲ್ಲದ ‘ನಾಳೆ ಬರಕ್ಕಾಗಲ್ಲ’ ಮೂರಕ್ಕಿಂತ ಗಟ್ಟಿ, ಸ್ವಲ್ಪ ಒರಟು.

ಓದುವಾಗ ಇದನ್ನೇ ಉಲ್ಟಾ ಮಾಡಿ. ಮುಖವನ್ನು ಬೆರಳಿಂದ ಮುಚ್ಚಿ ಬರೀ ಸಾಲು ಓದಿ. ಸಾಲೇ ಸಿಹಿಯಾಗಿದ್ದು ಪಕ್ಕದಲ್ಲಿ 🙃 ಇದ್ದರೆ ಹುಷಾರು. ಸಾಲು ಕೆಟ್ಟ ಸುದ್ದಿಯಾಗಿದ್ದು ಪಕ್ಕದಲ್ಲಿ 😅 ಇದ್ದರೆ ಅದು ನಗು ಅಲ್ಲ, ಮುಜುಗರ.

ಎಲ್ಲ ಫೋನಲ್ಲೂ ಒಂದೇ ಥರ ಕಂಡರೆ ಈ ಗೊಂದಲ ಇರಲ್ಲ ಅಲ್ವಾ?

ಇರುತ್ತೆ. 2016ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಎಮೋಜಿಗಳನ್ನು ಜನರಿಗೆ ತೋರಿಸಿ ಅದರ ಭಾವ ಏನು ಅಂತ ಕೇಳಿದರು. ಬೇರೆ ಬೇರೆ ಕಂಪನಿಯ ಚಿತ್ರಕ್ಕೆ ಉತ್ತರ ಬೇರೆಯಾದದ್ದು ಸರಿ. ಆದರೆ ಅದೇ ಚಿತ್ರವನ್ನೇ ನೋಡಿದವರಲ್ಲೂ, ಅದು ಒಳ್ಳೇ ಭಾವನಾ ಕೆಟ್ಟದ್ದಾ ಅಥವಾ ಎರಡೂ ಅಲ್ವಾ ಅನ್ನೋದರಲ್ಲಿ ಶೇಕಡಾ 25ರಷ್ಟು ಸಲ ಒಮ್ಮತ ಇರಲಿಲ್ಲ. ಹಾಗಾಗಿ ಫೋನ್ ಬದಲಾಯಿಸಿದರೆ ಇದು ಬಗೆಹರಿಯಲ್ಲ.

ಕಣ್ಣು ಕಾಣದವರಿಗೆ ಇವು ಹೇಗೆ ತಲುಪುತ್ತವೆ?

ಅವರ ಫೋನು ಎಮೋಜಿಯ ಹೆಸರನ್ನು ಓದಿ ಹೇಳುತ್ತೆ, ಭಾವವನ್ನಲ್ಲ. ‘ತುಂಬಾ ಉಪಕಾರ ಆಯ್ತು’ ಅಂದಮೇಲೆ ತಲೆಕೆಳಗಾದ ಮುಖ ಅಂತ ಕೇಳಿಸಿದರೆ ವ್ಯಂಗ್ಯ ಅಂತ ಅವರೇ ಊಹಿಸಬೇಕು. 🥺 ಐದು ಸಲ ಹಾಕಿದರೆ ಅದೇ ಹೆಸರನ್ನು ಮತ್ತೆ ಮತ್ತೆ ಕೇಳುತ್ತಾ ಕೂರಬೇಕಾಗಬಹುದು. ಒಂದೇ ಹಾಕಿ, ಸಾಲಿನ ಕೊನೆಯಲ್ಲಿ ಹಾಕಿ.

ತಪ್ಪು ಮುಖ ಕಳಿಸಿಬಿಟ್ಟೆ. ಏನು ಮಾಡಲಿ?

ವಾಟ್ಸಾಪಲ್ಲಾದರೆ 15 ನಿಮಿಷದೊಳಗೆ ಮೆಸೇಜ್ ಒತ್ತಿ ಹಿಡಿದು ಎಡಿಟ್ ಮಾಡಬಹುದು. ಎಡಿಟ್ ಆಗಿದೆ ಅಂತ ಪಕ್ಕದಲ್ಲಿ ತೋರಿಸುತ್ತೆ, ಆದರೆ ಮೊದಲು ಏನಿತ್ತು ಅಂತ ತೋರಿಸಲ್ಲ. ಎಲ್ಲರಿಗೂ ಡಿಲೀಟ್ ಮಾಡೋಕೆ ಎರಡು ದಿನಕ್ಕೂ ಜಾಸ್ತಿ ಸಮಯ ಇದೆ. ಆದರೆ ಡಿಲೀಟ್ ಆದ ಗುರುತು ಉಳಿಯುತ್ತೆ, ಮನೆಯವರು ‘ಏನದು ಅಳಿಸಿದ್ದು?’ ಅಂತ ಶುರು ಮಾಡುತ್ತಾರೆ. ಅದಕ್ಕಿಂತ ಎಡಿಟ್ ವಾಸಿ. ಮೆಸೇಜಿಗೆ ರಿಯಾಕ್ಷನ್ ಆಗಿ ಒತ್ತಿದ್ದರೆ ಅದೇ ಜಾಗದಲ್ಲಿ ಇನ್ನೊಂದನ್ನು ಒತ್ತಿ, ಹಳೇದು ಹೋಗುತ್ತೆ.

ಅವರು ಆಗಲೇ ನೋಡಿದ್ದಾರೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ ಅಂದರೆ ಇನ್ನೊಂದು ಎಮೋಜಿ ಕಳಿಸಬೇಡಿ. ಫೋನ್ ಮಾಡಿ ‘ಅದು ನಿಮಗೆ ಹೇಳಿದ್ದಲ್ಲ, ಆ ಗ್ಯಾಸಿನವನಿಗೆ’ ಅಂದುಬಿಡಿ.